ಕರಡಿನಿಂದ ಪ್ರಬಂಧಕ್ಕೆ: ಉಳವಿ ಹೋಬಳಿಯ ಒಂದು ತರಗತಿ

ಕುಮಾರವ್ಯಾಸನು ತನ್ನ ಭಾರತದ ಆರಂಭದಲ್ಲಿ ತನ್ನ ಅಗ್ಗಳಿಕೆಗಳನ್ನು ಎಣಿಸುವಾಗ, ಹಲಗೆ ಬಳಪಗಳನ್ನು ಹಿಡಿಯದೆ ಕಾವ್ಯ ರಚಿಸಿದುದನ್ನೂ ಒಮ್ಮೆ ಇಟ್ಟ ಪದವನ್ನು ಅಳಿಸದೆ ಮುಂದೆ ಸಾಗಿದುದನ್ನೂ ಹೇಳಿಕೊಳ್ಳುತ್ತಾನೆ. ಈ ಮಾತನ್ನು ಪ್ರತಿಭೆಯ ಘೋಷಣೆಯೆಂದು ಪಾಠ ಹೇಳುವುದು ರೂಢಿಯಲ್ಲಿದೆ. ಅದರೊಳಗೆ ಇನ್ನೊಂದು ಸಂಗತಿಯೂ ಅಡಗಿದೆ. ಹಲಗೆಯ ಮೇಲೆ ಬರೆದು, ಅಳಿಸಿ, ಮತ್ತೆ ಬರೆದು, ಕೊನೆಗೆ ಓಲೆಗೆ ಏರಿಸುವುದು ಉಳಿದ ಕವಿಗಳ ಸಾಮಾನ್ಯ ಕ್ರಮವಾಗಿದ್ದಿರಬೇಕು; ಇಲ್ಲದಿದ್ದರೆ ಹಾಗೆ ಮಾಡಲಿಲ್ಲವೆಂಬುದು ಹೆಮ್ಮೆಯ ವಿಷಯವಾಗುತ್ತಿರಲಿಲ್ಲ. ಕರಡು ಎಂಬುದು ಪಶ್ಚಿಮದಿಂದ ಬಂದ ವಸ್ತುವಲ್ಲ. ಆದರೆ ನಮ್ಮ ಪ್ರೌಢಶಾಲೆಗಳ ಪ್ರಬಂಧದ ಪುಸ್ತಕಗಳು ಮಾತ್ರ ಕುಮಾರವ್ಯಾಸನ ಅಗ್ಗಳಿಕೆಯನ್ನೇ ಹದಿನಾಲ್ಕು ವರ್ಷದ ಹುಡುಗರಿಂದ ನಿರೀಕ್ಷಿಸುತ್ತವೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಮನೆಗಳನ್ನು ಒಂದೇ ಉಸಿರಿನಲ್ಲಿ ತುಂಬಿಸಬೇಕು, ಚಿತ್ತುಕಾಟು ಇರಬಾರದು.

ಬರೆಯುವ ಕ್ರಿಯೆಯನ್ನೇ ಕಲಿಸಬೇಕೆಂಬ ವಿಚಾರ ಶಿಕ್ಷಣಶಾಸ್ತ್ರದಲ್ಲಿ ಬಲಗೊಂಡದ್ದು 1970ರ ದಶಕದಲ್ಲಿ. ಅಮೆರಿಕದ ಜಾನೆಟ್ ಎಮಿಗ್ 1971ರಲ್ಲಿ ಪ್ರಕಟಿಸಿದ ಅಧ್ಯಯನವು ಹನ್ನೆರಡನೆಯ ತರಗತಿಯ ಎಂಟು ಮಂದಿಯನ್ನು ಗಟ್ಟಿಯಾಗಿ ಯೋಚಿಸುತ್ತ ಬರೆಯುವಂತೆ ಹೇಳಿ ಗಮನಿಸಿತು. ಡೊನಾಲ್ಡ್ ಮರ್ರೆ 1972ರಲ್ಲಿ, ಬರೆಹವನ್ನು ಮುಗಿದ ವಸ್ತುವಾಗಿ ಅಲ್ಲ, ನಡೆಯುತ್ತಿರುವ ಕೆಲಸವಾಗಿ ಕಲಿಸಬೇಕೆಂದು ವಾದಿಸಿದ. ಡೊನಾಲ್ಡ್ ಗ್ರೇವ್ಸ್ 1983ರ ತನ್ನ ಪುಸ್ತಕದಲ್ಲಿ, ಅಧ್ಯಾಪಕರು ಬರೆಯುತ್ತಿರುವ ಮಗುವಿನ ಬಳಿ ಕುಳಿತು ಮಾತನಾಡುವ ಕ್ರಮಕ್ಕೆ, ಅಂದರೆ ಸಮಾಲೋಚನೆಗೆ, ಕೇಂದ್ರ ಸ್ಥಾನ ಕೊಟ್ಟ. ಕರಡು, ಸಮಾಲೋಚನೆ, ಪರಿಷ್ಕರಣೆ, ಕೊನೆಗೆ ಕಾಗುಣಿತದ ತಿದ್ದುಗೆ ಎಂಬ ಈ ಕ್ರಮ ಸೂತ್ರರೂಪದಲ್ಲಿ ಸುಲಭವಾಗಿ ಕಾಣುತ್ತದೆ. ಅದು ನಿಲ್ಲುವುದೂ ಬೀಳುವುದೂ ಆ ಐದು ನಿಮಿಷದ ಮಾತಿನಲ್ಲಿ ಎಂಬುದನ್ನು ಒಂದು ತರಗತಿಯ ಅನುಭವದಿಂದ ನೋಡಬಹುದು.

ಸೊರಬ ತಾಲ್ಲೂಕಿನ ಉಳವಿ ಹೋಬಳಿಯ ಒಂದು ಪ್ರೌಢಶಾಲೆ, ಒಂಬತ್ತನೆಯ ತರಗತಿ, 36 ಮಕ್ಕಳು. ಕನ್ನಡ ಅಧ್ಯಾಪಕಿ ಬಯಲುಸೀಮೆಯಿಂದ ಬಂದವರು. ಕರಡು ಬರೆಸುವ ಕ್ರಮವನ್ನು ಅವರು ಆರಂಭಿಸಿದ ಮೊದಲ ವರ್ಷ ಅದು ಕೈಕೊಟ್ಟಿತು. ಮಳೆಗಾಲವನ್ನು ಕುರಿತು ಒಬ್ಬ ಹುಡುಗಿ ಬರೆದ ಮೊದಲ ಕರಡಿನಲ್ಲಿ ಗದ್ದೆಗೆ ಹೋಗುವವರ ಕಂಬಳಿಕೊಪ್ಪೆಯ ಪ್ರಸ್ತಾಪವಿತ್ತು. ಅಧ್ಯಾಪಕಿ ಕೆಂಪುಶಾಯಿಯಲ್ಲಿ ಆ ಪದಕ್ಕೆ ಸುತ್ತುಹಾಕಿ ಪಕ್ಕದಲ್ಲಿ ‘ಗ್ರಾಮ್ಯ’ ಎಂದು ಬರೆದರು. ಇನ್ನೂ ಏಳೆಂಟು ಕಡೆ ಕಾಗುಣಿತ ತಿದ್ದಿದರು. ಎರಡನೆಯ ಕರಡಿನಲ್ಲಿ ಕಾಗುಣಿತವೆಲ್ಲ ಸರಿಯಾಗಿತ್ತು. ಕಂಬಳಿಕೊಪ್ಪೆಯ ಜೊತೆಗೆ ಗದ್ದೆಯ ಇಡೀ ಪರಿಚ್ಛೇದವೇ ಹೊರಟುಹೋಗಿ, ಆ ಜಾಗದಲ್ಲಿ ಮಳೆಯು ಪ್ರಕೃತಿಯ ವರದಾನವೆಂಬ ಗೈಡಿನ ವಾಕ್ಯ ಬಂದು ಕುಳಿತಿತ್ತು. ತನಗೆ ಗೊತ್ತಿದ್ದುದನ್ನು ಹೇಳಿದರೆ ತಪ್ಪು ಹೆಚ್ಚುತ್ತದೆ, ಎಲ್ಲರೂ ಹೇಳುವುದನ್ನು ಹೇಳಿದರೆ ತಪ್ಪು ಕಡಮೆಯಾಗುತ್ತದೆ ಎಂಬುದನ್ನು ಆ ಹುಡುಗಿ ಸರಿಯಾಗಿಯೇ ಗ್ರಹಿಸಿದ್ದಳು. ಪರಿಷ್ಕರಣೆಯ ಹೆಸರಿನಲ್ಲಿ ನಡೆದದ್ದು ಶುದ್ಧಪ್ರತಿ ತೆಗೆಯುವ ಕೆಲಸ. ಇದನ್ನು ಗುರುತಿಸುವುದು ಕಷ್ಟವಲ್ಲ: ಎರಡು ಕರಡುಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಅಕ್ಷರಗಳು ಮಾತ್ರ ಬದಲಾಗಿದ್ದು ಯಾವ ವಾಕ್ಯವೂ ಸೇರದೆ, ಸ್ಥಳ ಬದಲಿಸದೆ ಇದ್ದರೆ ಅಲ್ಲಿ ಪರಿಷ್ಕರಣೆ ನಡೆದಿಲ್ಲ. ಬರೆಹ ಮೊದಲಿಗಿಂತ ಚಿಕ್ಕದಾಗಿದ್ದರೆ ಮಗು ಹೆದರಿದೆ ಎಂದೇ ತಿಳಿಯಬೇಕಾಗುತ್ತದೆ.

ಮರುವರ್ಷ ಅವರು ಕೆಲವು ಸಣ್ಣ ಏರ್ಪಾಡುಗಳನ್ನು ಮಾಡಿಕೊಂಡರು. ನೋಟ್‌ಪುಸ್ತಕದ ಬಲಪುಟದಲ್ಲಿ ಮಾತ್ರ, ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಬರೆಯಬೇಕು. ಎಡಪುಟ ಹೊಸ ವಾಕ್ಯಗಳಿಗೆ ಮೀಸಲು. ರಬ್ಬರು ಬೇಡ, ಬೇಡವಾದುದರ ಮೇಲೆ ಒಂದೇ ಗೆರೆ ಎಳೆಯಬೇಕು, ಬಿಟ್ಟದ್ದು ಕಾಣುತ್ತಿರಬೇಕು. ಸಮಾಲೋಚನೆಯ ಹೊತ್ತಿಗೆ ಅಧ್ಯಾಪಕಿಯ ಕೈಯಲ್ಲಿ ಪೆನ್ನು ಇರುವುದಿಲ್ಲ. 40 ನಿಮಿಷದ ಅವಧಿಯಲ್ಲಿ ಒಬ್ಬೊಬ್ಬರಿಗೆ ಐದು ನಿಮಿಷದಂತೆ ಆರು ಮಂದಿ. ವಾರಕ್ಕೆ ಎರಡು ಅವಧಿ. ಇಡೀ ತರಗತಿಯ ಒಂದು ಸುತ್ತಿಗೆ ಮೂರು ವಾರ. ವರ್ಷಕ್ಕೆ ಹತ್ತು ಪ್ರಬಂಧ ಬರೆಸುತ್ತಿದ್ದವರು ನಾಲ್ಕಕ್ಕೆ ಇಳಿಯಬೇಕಾಯಿತು. ಪ್ರಬಂಧಗಳ ಸಂಖ್ಯೆಯಿಂದಲೇ ಕೆಲಸವನ್ನು ಅಳೆಯುವವರಿಗೆ ಇದು ಒಪ್ಪಿಗೆಯಾಗುವ ಲೆಕ್ಕವಲ್ಲ.

ಜೂನ್ ತಿಂಗಳಲ್ಲಿ ಒಬ್ಬ ಹುಡುಗ ‘ನಮ್ಮೂರ ಕೆರೆ’ ಎಂಬ ಕರಡು ತಂದ. ಅದರಲ್ಲಿ 11 ವಾಕ್ಯಗಳಿದ್ದವು. ಮೊದಲ ಒಂಬತ್ತು ಯಾವ ಊರಿನ ಯಾವ ಕೆರೆಗಾದರೂ ಸಲ್ಲುವಂಥವು. ಹತ್ತನೆಯದರಲ್ಲಿ, ಮಳೆಗಾಲಕ್ಕೆ ಮುಂಚೆ ಕೆರೆಬೇಟೆ ನಡೆಯುತ್ತದೆ ಎಂದಿತ್ತು. ಹನ್ನೊಂದನೆಯದರಲ್ಲಿ ಎಲ್ಲರೂ ಮೀನು ಹಿಡಿದು ಸಂತೋಷದಿಂದ ಮನೆಗೆ ಹೋಗುತ್ತಾರೆ ಎಂದು. ಅಧ್ಯಾಪಕಿ ಹತ್ತನೆಯ ವಾಕ್ಯದ ಮೇಲೆ ಬೆರಳಿಟ್ಟು, “ನೀನೂ ಹೋಗಿದ್ಯೇನೋ?” ಎಂದು ಕೇಳಿದರು.

“ಹೌದು ಮೇಡಂ. ಈ ಸಲ ಅಜ್ಜನ ಕೂಣಿ ನಾನೇ ತಗಂಡು ಹೋಗಿದ್ದೆ.”

“ಎಷ್ಟು ಮೀನು ಸಿಕ್ತು?”

“ಒಂದೂ ಸಿಗ್ಲಿಲ್ಲ. ಅದನ್ನ ಬರೀಬಾರ್ದು ಅಲ್ವಾ ಮೇಡಂ?”

ಪ್ರಬಂಧದಲ್ಲಿ ಎಲ್ಲರೂ ಮೀನು ಹಿಡಿಯಲೇಬೇಕೆಂಬ ನಿಯಮವನ್ನು ಯಾರೂ ಅವನಿಗೆ ಬಾಯಿಬಿಟ್ಟು ಹೇಳಿಕೊಟ್ಟಿರಲಿಲ್ಲ. ಅದಕ್ಕೆ ಅಧ್ಯಾಪಕಿ ಉತ್ತರವನ್ನೂ ಕೊಡಲಿಲ್ಲ. ತಾನು ಕೂಣಿಯನ್ನು ನೋಡಿಯೇ ಇಲ್ಲ, ಅದು ಹೇಗಿರುತ್ತದೆ ಎಂದು ಕೇಳಿದರು. ಅದು ನಿಜವಾದ ಪ್ರಶ್ನೆ. ಉತ್ತರ ಗೊತ್ತಿದ್ದು ಕೇಳುವ ಪಾಠದ ಪ್ರಶ್ನೆಯಲ್ಲ. ಸಮಾಲೋಚನೆಯಲ್ಲಿ ಅಧ್ಯಾಪಕರ ಅಜ್ಞಾನವೂ ಒಂದು ಸಾಧನವಾಗಬಲ್ಲದೆಂಬುದು ಬಿ.ಎಡ್. ತರಗತಿಗಳಲ್ಲಿ ಹೇಳಿಕೊಡುವ ಸಂಗತಿಯಲ್ಲ. ಹುಡುಗ ಎರಡೂ ಕೈಗಳನ್ನು ಎತ್ತಿ ತೋರಿಸಿದ. ಬಿದಿರಿನದು, ಕೆಳಗೆ ಅಗಲ, ಮೇಲೆ ಕಿರಿದು, ಎರಡು ಕಡೆಯೂ ಬಾಯಿ. ಅಗಲದ ಬಾಯಿಯನ್ನು ಕೆಸರಿಗೆ ಒತ್ತಬೇಕು. ಒಳಗೆ ಮೀನು ಸಿಕ್ಕಿದ್ದರೆ ಅದು ಬಿದಿರಿಗೆ ಬಡಿಯುವುದು ಕೈಗೆ ತಿಳಿಯುತ್ತದೆ. ಆಗ ಮೇಲಿನ ಬಾಯಿಂದ ಕೈ ಇಳಿಬಿಟ್ಟು ಹಿಡಿಯಬೇಕು. “ಈಗ ನನಗೆ ಹೇಳಿದ್ಯಲ್ಲ, ಅದನ್ನೇ ಮರೆಯೋಕೆ ಮುಂಚೆ ಎಡಪುಟದಲ್ಲಿ ಬರೆ” ಎಂದು ಕಳುಹಿಸಿ, ಅಧ್ಯಾಪಕಿ ತಮ್ಮ ಪುಸ್ತಕದಲ್ಲಿ ಒಂದೇ ಸಾಲು ಗುರುತು ಹಾಕಿಕೊಂಡರು: ಕೂಣಿ, ಮೀನು ಸಿಗಲಿಲ್ಲ. ಮುಂದಿನ ಸುತ್ತಿನ ಮಾತು ಅಲ್ಲಿಂದ ಆರಂಭವಾಗಬೇಕು.

ಎರಡನೆಯ ಕರಡಿನಲ್ಲಿ ಹಳೆಯ ಒಂಬತ್ತು ವಾಕ್ಯಗಳಲ್ಲಿ ಒಂದು ಮಾತ್ರ ಉಳಿದಿತ್ತು. ಕೂಣಿಯೊಂದಕ್ಕೆ ಇಷ್ಟೆಂದು ಹಣ ಕಟ್ಟಿ ಕೆರೆಗೆ ಇಳಿಯುವುದು, ಎಲ್ಲರೂ ಒಟ್ಟಿಗೇ ನುಗ್ಗುವುದು, ನೀರು ಕದಡಿ ಏನೂ ಕಾಣದಾಗುವುದು ಬಂದಿದ್ದವು. ಆದರೆ ಹಿಂದುಮುಂದಾಗಿ ಬಂದಿದ್ದವು. ನೀರಿನೊಳಗೆ ನಿಂತಿದ್ದವನು ಮುಂದಿನ ವಾಕ್ಯದಲ್ಲಿ ಏರಿಯ ಮೇಲೆ ಹಣ ಕಟ್ಟುತ್ತಿದ್ದ. ಇಂಥ ಅಸ್ತವ್ಯಸ್ತತೆಯನ್ನು ಹಿನ್ನಡೆಯೆಂದು ಎಣಿಸಬಾರದು. ಹೊಸ ವಿಷಯ ಒಳಗೆ ಬಂದಾಗ ಹಳೆಯ ಕಟ್ಟು ಸಡಿಲಗೊಳ್ಳುವುದು ಸಹಜ. ಈ ಹಂತದಲ್ಲಿ ಅಂಕ ಕೊಟ್ಟರೆ ಮೊದಲ ಕರಡಿಗೇ ಹೆಚ್ಚು ಕೊಡಬೇಕಾಗುತ್ತದೆ. ಆದುದರಿಂದಲೇ ಕರಡುಗಳಿಗೆ ಅಂಕ ಕೊಡಬಾರದು.

ಎರಡನೆಯ ಸುತ್ತಿನಲ್ಲಿ ಮಕ್ಕಳು ಮಕ್ಕಳ ನಡುವೆ ಮಾತು. ಇದನ್ನು ಸುಮ್ಮನೆ ಬಿಟ್ಟರೆ ಎರಡರಲ್ಲೊಂದು ಆಗುತ್ತದೆ: ಗೆಳೆಯ ‘ಚೆನ್ನಾಗಿದೆ’ ಎಂದು ಪುಸ್ತಕ ಹಿಂದಿರುಗಿಸುತ್ತಾನೆ, ಇಲ್ಲವೇ ಮೇಷ್ಟ್ರಾಗಿ ಕಾಗುಣಿತ ಹುಡುಕುತ್ತಾನೆ. ಅಧ್ಯಾಪಕಿ ಕಂಡುಕೊಂಡ ಉಪಾಯ, ಕೇಳುವವನಿಗೆ ಪುಸ್ತಕವನ್ನು ತೋರಿಸದಿರುವುದು. ಬರೆದವನು ಓದಬೇಕು, ಕೇಳಿದವನು ತನಗೆ ಕಂಡದ್ದೇನೆಂದು ಹೇಳಿ, ತಿಳಿಯದ ಒಂದನ್ನು ಕೇಳಬೇಕು. ಕಿವಿಗೆ ಮಹಾಪ್ರಾಣದ ತಪ್ಪು ಬೀಳುವುದು ಕಡಮೆ. ಅರ್ಥದ ಬಿರುಕು ಮಾತ್ರ ಕೇಳಿಸದೆ ಇರದು. ಗೆಳತಿಯೊಬ್ಬಳು ಕೇಳಿದಳು: “ಕೂಣಿ ಅಜ್ಜಂದಲ್ವಾ, ಮತ್ತೆ ಅಜ್ಜ ಯಾಕೆ ಇಳೀಲಿಲ್ಲ?” ಅಜ್ಜನಿಗೆ ಮೊಣಕಾಲು ನೋವು. ಅವನು ಏರಿಯ ಮೇಲೆ ಕುಳಿತು, ಮೊಮ್ಮಗನಿಗೆ ಕಾಣದ ಜಾಗಗಳನ್ನು ಕೋಲಿನಿಂದ ತೋರಿಸುತ್ತಿದ್ದ. ಮೂರನೆಯ ಕರಡು ಆ ಅಜ್ಜನಿಂದ ಆರಂಭವಾಯಿತು. ಅದರಿಂದ ಕ್ರಮದ ಸಮಸ್ಯೆಯೂ ತಾನಾಗಿ ಬಗೆಹರಿಯಿತು. ಏರಿಯಿಂದ ನೀರಿಗೆ, ನೀರಿನಿಂದ ಮರಳಿ ಏರಿಗೆ.

ಪೆನ್ನು ಹೊರಬಂದದ್ದು ಇಲ್ಲಿ. ಅದೂ ಒಂದೇ ಬಗೆಯ ದೋಷಕ್ಕೆ. “ಅಜ್ಜ ಏರಿಯ ಮೇಲೆ ಕುಳಿತು ನಾನು ನೀರಿಗೆ ಇಳಿದೆನು” ಎಂದು ಹುಡುಗ ಬರೆದಿದ್ದ. ‘ಕುಳಿತು’ ಎಂಬ ಕೃದಂತಾವ್ಯಯಕ್ಕೂ ‘ಇಳಿದೆನು’ ಎಂಬ ಪೂರ್ಣಕ್ರಿಯೆಗೂ ಕರ್ತೃ ಒಂದೇ ಆಗಿರಬೇಕು. ಇಲ್ಲಿ ಕುಳಿತವನು ಬೇರೆ, ಇಳಿದವನು ಬೇರೆ. ವ್ಯಾಕರಣದ ಪಾಠದಲ್ಲಿ ಮಕ್ಕಳು ಕೃದಂತಾವ್ಯಯದ ಉದಾಹರಣೆಗಳನ್ನು ಗುರುತಿಸಬಲ್ಲವರೇ. ತಮ್ಮದೇ ವಾಕ್ಯದಲ್ಲಿ ಅದು ಜಾರಿದಾಗ ಗೊತ್ತಾಗುವುದಿಲ್ಲ. ಅಧ್ಯಾಪಕಿ ನಿಯಮ ಹೇಳದೆ, “ಯಾರು ಕುಳಿತರು? ಯಾರು ಇಳಿದರು?” ಎಂದು ಕೇಳಿದರು. ಹುಡುಗ ವಾಕ್ಯವನ್ನು ಎರಡಾಗಿ ಕಡಿದ: ಅಜ್ಜ ಏರಿಯ ಮೇಲೆ ಕುಳಿತ. ನಾನು ನೀರಿಗೆ ಇಳಿದೆ. ಆಮೇಲೆ ತನ್ನ ಕರಡಿನಲ್ಲಿ ಅಂಥವೇ ಇನ್ನೆರಡನ್ನು ತಾನಾಗಿ ಹುಡುಕಿ ತಂದ. ಮೊದಲ ಕರಡಿನಲ್ಲಿ ಈ ದೋಷ ಇರಲೇ ಇಲ್ಲವೆಂಬುದನ್ನು ಗಮನಿಸಬೇಕು. ಗೈಡಿನ ವಾಕ್ಯಗಳಲ್ಲಿ ಕರ್ತೃ ಒಂದೇ. ಅಜ್ಜ ಮೊಮ್ಮಗ ಇಬ್ಬರೂ ಬರೆಹದೊಳಗೆ ಬಂದ ಮೇಲೆ ತಾನೇ ಅವರನ್ನು ಬೇರೆಮಾಡುವ ವ್ಯಾಕರಣ ಬೇಕಾಗುವುದು? ‘ಕೂಣಿ’ ಉದ್ಧರಣ ಚಿಹ್ನೆಯಿಲ್ಲದೆ ಹಾಗೆಯೇ ಉಳಿಯಿತು.

ಈ ಕ್ರಮಕ್ಕೆ ಮಿತಿಗಳಿಲ್ಲದೆ ಇಲ್ಲ. ಬರೆಹದ ಪ್ರಕ್ರಿಯೆಗೇ ಒತ್ತುಕೊಟ್ಟು ಪ್ರಮಾಣಭಾಷೆಯ ನಿಯಮಗಳನ್ನು ಬಿಡಿಸಿ ಹೇಳದಿದ್ದರೆ, ಆ ಭಾಷೆ ಮನೆಯಲ್ಲಿ ಇಲ್ಲದ ಮಕ್ಕಳೇ ಹಿಂದುಳಿಯುತ್ತಾರೆಂದು ಲಿಸಾ ಡೆಲ್ಪಿಟ್ 1980ರ ದಶಕದಲ್ಲಿ ಅಮೆರಿಕದ ಕಪ್ಪು ಮಕ್ಕಳ ಪರವಾಗಿ ಎತ್ತಿದ ಆಕ್ಷೇಪ ಮಲೆನಾಡಿನ ತರಗತಿಗೂ ಸಲ್ಲುತ್ತದೆ. ಕೆಂಪುಶಾಯಿಯನ್ನು ಮುಂದೂಡಬಹುದು, ಕೈಬಿಡಲಾಗದು. ವಾರ್ಷಿಕ ಪರೀಕ್ಷೆಯಲ್ಲಿ ಪ್ರಬಂಧಕ್ಕೆ ಸಿಗುವುದು ಹೆಚ್ಚೆಂದರೆ 20 ನಿಮಿಷ. ಅಲ್ಲಿ ಎಡಪುಟವಿಲ್ಲ, ಗೆಳತಿಯ ಪ್ರಶ್ನೆಯಿಲ್ಲ. ಈ ಅಧ್ಯಾಪಕಿ ಡಿಸೆಂಬರಿನಿಂದ ಮಕ್ಕಳಿಗೆ ಐದು ನಿಮಿಷದ ಟಿಪ್ಪಣಿ, ಹನ್ನೆರಡು ನಿಮಿಷದ ಬರೆಹ, ಉಳಿದ ಮೂರು ನಿಮಿಷದಲ್ಲಿ ಕರ್ತೃ ಕ್ರಿಯಾಪದಗಳ ಮೇಲೆ ಮಾತ್ರ ಕಣ್ಣು ಎಂಬ ಅಭ್ಯಾಸ ಮಾಡಿಸುತ್ತಾರೆ. ಕೆಲವರು ಟಿಪ್ಪಣಿಯಲ್ಲಿ ತಾವು ಕಂಡ ಒಂದು ಸಂಗತಿಯನ್ನಾದರೂ ಬರೆದುಕೊಳ್ಳುತ್ತಾರೆ. ಹಲವರು ಪರೀಕ್ಷೆಯೆಂದೊಡನೆ ಗೈಡಿಗೆ ಮರಳುತ್ತಾರೆ.

ಶುದ್ಧಪ್ರತಿಗಳನ್ನು ತರಗತಿಯಲ್ಲಿ ಓದಿಸುವ ದಿನ ಹುಡುಗ ತನ್ನದನ್ನು ಓದಿದ. ಖಾಲಿ ಕೂಣಿ ಹೊತ್ತು ಏರಿಗೆ ಬಂದಲ್ಲಿಗೆ ಅದು ಮುಗಿಯುತ್ತಿತ್ತು. ಹಿಂದಿನ ಬೆಂಚಿನಿಂದ ಒಬ್ಬ, ಅಜ್ಜ ಏನು ಹೇಳಿದ ಎಂದು ಕೇಳಿದ. “ಕೂಣಿ ತೊಳೆದಿಡು ಅಂದ” ಎಂದು ಹುಡುಗ ಉತ್ತರಿಸಿದ. ಅಧ್ಯಾಪಕಿ ಪುಸ್ತಕದತ್ತ ನೋಡಿದರು. ಎಡಪುಟಗಳೆಲ್ಲ ತುಂಬಿದ್ದವು; ಮರುದಿನದಿಂದ ಕಿರುಪರೀಕ್ಷೆ. ಆ ಮಾತು ಪ್ರಬಂಧದೊಳಗೆ ಸೇರಲಿಲ್ಲ.