ಕೋಣೆಯಲ್ಲಿ ಇಲ್ಲದವನ ಮಾತು

ನಮ್ಮ ಬಳಗದ ತಿಂಗಳ ಕೂಟದಲ್ಲಿ ಗೆಳೆಯರೊಬ್ಬರು ಓದಿದ ಸಣ್ಣಕತೆಯೊಂದು ಇನ್ನೂ ನನ್ನನ್ನು ಬಿಟ್ಟಿಲ್ಲ. ಅದು ಅಚ್ಚಾಗುವ ತನಕ ತಮ್ಮ ಹೆಸರು ಹೇಳಬಾರದೆಂದು ಅವರು ಕೇಳಿಕೊಂಡಿರುವುದರಿಂದ ಕತೆಯನ್ನಷ್ಟೇ ಇಲ್ಲಿ ಹೇಳುತ್ತೇನೆ.

ಮುಲುಂಡಿನ ಒಂದು ಬೆಡ್‌ರೂಮಿನ ಮನೆ. ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು, ಫೋರ್ಟಿನ ಹೋಟೆಲೊಂದರ ಗಲ್ಲೆಯಲ್ಲಿ ಆಯುಷ್ಯ ಕಳೆದ ತಂದೆ ಒಂದು ಬೆಳಗಿನ ಜಾವ ತೀರಿಕೊಳ್ಳುತ್ತಾರೆ. ಜೊತೆಯಲ್ಲಿದ್ದವನು ಹಿರಿಯ ಮಗ. ಕಿರಿಯವನು ಪುಣೆಯಲ್ಲಿ ನೌಕರಿ ಮಾಡುವವನು. ಅವನು ಬಂದು ಮುಟ್ಟುವ ಹೊತ್ತಿಗೆ ತಂದೆಯನ್ನು ನೆಲದ ಮೇಲೆ ಮಲಗಿಸಿ ದೀಪ ಹಚ್ಚಿಯಾಗಿತ್ತು. ಅಣ್ಣ ಮಾತಿಲ್ಲದವನು, ತಮ್ಮ ಮಾತುಗಾರ. ಸಾವಿನ ಮರುದಿನದಿಂದ ಹತ್ತನೆಯ ದಿನದವರೆಗೆ ಕತೆ ಬಹುಪಾಲು ಆ ಮನೆಯಲ್ಲೇ ನಡೆಯುತ್ತದೆ.

ದುಃಖದ ಕತೆಗಳಲ್ಲಿ ಇಂಥ ಜೋಡಿ ಬಂದಾಗ ಏನಾಗುತ್ತದೆಂದು ಓದುಗರಿಗೆ ಗೊತ್ತು. ಮೌನಿಯ ದುಃಖ ಆಳವಾದದ್ದು, ಮಾತುಗಾರನದು ಮೇಲುಮೇಲಿನದು. ಕೊನೆಗೆ ಮೌನಿ ಒಮ್ಮೆ ಅತ್ತುಬಿಡುತ್ತಾನೆ, ಮಾತುಗಾರ ನಾಚುತ್ತಾನೆ. ಬರೆಯುವವನು ಮೊದಲೇ ತೀರ್ಪು ಕೊಟ್ಟು ಕೂತಿದ್ದಾನೆ ಎಂಬುದಕ್ಕೆ ಇದೇ ಗುರುತು. ಅಂಥ ಕತೆಯಲ್ಲಿ ಮೌನಿಗೆ ಬೇರೆ ಕೆಲಸವೇ ಇರುವುದಿಲ್ಲ. ಅವನು ಕಿಟಕಿಯ ಬಳಿ ನಿಂತಿರುತ್ತಾನೆ, ಅಷ್ಟೆ.

ಈ ಕತೆ ಆ ದಾರಿ ಹಿಡಿಯುವುದಿಲ್ಲ. ಇಲ್ಲಿ ಇಬ್ಬರಿಗೂ ಕೈತುಂಬ ಕೆಲಸವಿದೆ. ಮನೆಯಲ್ಲಿ ಸಾವಾದರೆ ಈ ಊರಿನಲ್ಲಿ ಮೊದಲು ಬೇಕಾಗುವುದು ವೈದ್ಯರ ಸರ್ಟಿಫಿಕೇಟು. ಮರಣದ ಕಾರಣವನ್ನು ಬರೆದು ಸಹಿ ಮಾಡಿದ ಆ ಕಾಗದವಿಲ್ಲದೆ ಮಹಾನಗರಪಾಲಿಕೆಯ ಸ್ಮಶಾನದಲ್ಲಿ ದಹನಕ್ಕೆ ಅವಕಾಶವಿಲ್ಲ. ನಸುಕಿನಲ್ಲಿ ಡಾಕ್ಟರರನ್ನು ಎಬ್ಬಿಸಿ ಕರೆತಂದವನು ಅಣ್ಣ. ಇಪ್ಪತ್ತೊಂದು ದಿನಗಳೊಳಗೆ ಮರಣ ನೋಂದಣಿಯಾಗಬೇಕೆಂದು ಹೆಸರಿನ ಅಕ್ಷರಗಳನ್ನು ಆಧಾರ್ ಕಾರ್ಡಿನೊಂದಿಗೆ ತಾಳೆ ನೋಡಿದವನೂ ಅವನೇ. ಅಪ್ಪನ ಔಷಧದ ಡಬ್ಬಿಗಳಲ್ಲಿ ಸೀಲು ಒಡೆಯದವನ್ನು ಬೇರೆ ಇಟ್ಟು ಅಂಗಡಿಗೆ ಹಿಂದಿರುಗಿಸುತ್ತಾನೆ. ಅಂಗಡಿಯವನು ಕಾರಣ ಕೇಳಿದಾಗಲೂ, 'ಬೇಡವಾಯಿತು' ಎನ್ನುತ್ತಾನೆ.

ತಮ್ಮನ ಕೆಲಸ ಉತ್ತರ ಹೇಳುವುದು. ಮುಂಬಯಿಯ ಸಾವಿನ ಮನೆಗೆ ಬರುವವರು ಒಬ್ಬೊಬ್ಬರಾಗಿ, ತಮ್ಮ ಲೋಕಲ್ ಟ್ರೇನಿನ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಪ್ರತಿಯೊಬ್ಬರದೂ ಒಂದೇ ಪ್ರಶ್ನೆ. ಊರ ಕಡೆಯವರು 'ಹ್ಯಾಂಗ್ ಆಯ್ತ್?' ಎನ್ನುತ್ತಾರೆ, ಎದುರು ಮನೆಯವರು 'ಕಸಂ ಝಾಲಂ?' ಎನ್ನುತ್ತಾರೆ, ಕೆಳಗಿನ ವಾಚ್‌ಮನ್ 'ಕೈಸೇ ಹುವಾ?' ಎನ್ನುತ್ತಾನೆ. ಅಣ್ಣ ತಲೆ ತಗ್ಗಿಸುತ್ತಾನೆ. ಕೇಳಿದವರ ಕಣ್ಣು ಸಹಜವಾಗಿಯೇ ತಮ್ಮನ ಕಡೆ ಹೊರಳುತ್ತದೆ. ಹೀಗೆ, ಆ ರಾತ್ರಿ ಕೋಣೆಯಲ್ಲಿ ಇಲ್ಲದವನೇ ಆ ರಾತ್ರಿಯನ್ನು ವರ್ಣಿಸಬೇಕಾಗುತ್ತದೆ. ಕತೆಯ ಬಲವೆಲ್ಲ ಇರುವುದು ಈ ಒಂದು ವಿಪರ್ಯಾಸದಲ್ಲಿ.

ಮೊದಲ ದಿನ ತಮ್ಮ ಹೇಳುವುದು ಎರಡೇ ವಾಕ್ಯ: ರಾತ್ರಿ ಎದೆ ಹಿಡಿದಂತಾಯಿತಂತೆ, ಬೆಳಗಿನ ಜಾವ ಹೋದರಂತೆ. ಮೂರನೆಯ ದಿನಕ್ಕೆ 'ಅಂತೆ' ಬಿದ್ದುಹೋಗುತ್ತದೆ. ಐದನೆಯ ದಿನ ಮರಾಠಿಯಲ್ಲಿ ಹೇಳುವಾಗ ಅಪ್ಪ ನೀರು ಕೇಳಿದ್ದು ಸೇರಿಕೊಳ್ಳುತ್ತದೆ. ಏಳನೆಯ ದಿನ, ಊರಿನಿಂದ ಬಂದ ಚಿಕ್ಕಮ್ಮನ ಮುಂದೆ, ಅಪ್ಪ ಕೊನೆಗೆ 'ತಮ್ಮ ಬಂದ್ನಾ?' ಎಂದು ಕೇಳಿದರೆಂದು ತಮ್ಮ ಹೇಳಿಬಿಡುತ್ತಾನೆ. ಅಣ್ಣ ಅಲ್ಲೇ ಕೂತು ಎಳ್ಳು ಆರಿಸುತ್ತಿರುತ್ತಾನೆ. ಅವನ ಬೆರಳು ಒಂದು ಗಳಿಗೆ ನಿಂತು ಮತ್ತೆ ಆರಿಸತೊಡಗುತ್ತದೆ. ಕತೆಗಾರರು ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಎರಡು ಪುಟಗಳ ಅನಂತರ, ಅಣ್ಣ ರಾತ್ರಿ ಹಾಸಿಗೆ ಬಿಡಿಸುವಾಗ ಬರುವ ಒಂದು ಸಾಲಿನಿಂದ ಮಾತ್ರ ನಮಗೆ ನಿಜ ತಿಳಿಯುತ್ತದೆ: ಅಪ್ಪ ಕೊನೆಗೆ ಹೇಳಿದ್ದು 'ಫ್ಯಾನ್ ಬಂದ್ ಮಾಡ್, ಚಳಿ ಆತ್ತ್' ಎಂದು.

ಹತ್ತನೆಯ ದಿನ ಸೋದರರು ದಾದರಿನಲ್ಲಿ ಗಾಡಿ ಬದಲಿಸಿ, ಗ್ರ್ಯಾಂಟ್ ರೋಡಿನಲ್ಲಿ ಇಳಿದು, ಟ್ಯಾಕ್ಸಿಯಲ್ಲಿ ವಾಲಕೇಶ್ವರದ ಬಾಣಗಂಗೆಗೆ ಹೋಗುತ್ತಾರೆ. ಕಡಲಿಗೆ ಅಷ್ಟು ಹತ್ತಿರವಿದ್ದೂ ಸಿಹಿನೀರಿರುವ ಆ ಕೊಳದ ಮೆಟ್ಟಿಲುಗಳ ಮೇಲೆ ಉತ್ತರಕ್ರಿಯೆ ಮಾಡಿಸಿದವರು ನಮ್ಮಲ್ಲೂ ಅನೇಕರಿದ್ದಾರೆ. ಪಿಂಡವಿಟ್ಟು ಕಾಗೆಗಾಗಿ ಕಾಯುತ್ತಾರೆ. ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆಯೆಂದು ನಂಬಿಕೆ. ಆಗ ಮಕ್ಕಳು ಒಂದೊಂದೇ ಮಾತು ಕೊಡಬೇಕು. ತಮ್ಮ ಕೊಡುತ್ತಾನೆ: ಊರ ಮನೆ ಮಾರುವುದಿಲ್ಲ, ಅಮ್ಮನನ್ನು ಪುಣೆಗೆ ಕರೆದೊಯ್ಯುತ್ತೇನೆ, ಅಣ್ಣನ ಸಾಲದಲ್ಲಿ ಪಾಲು ಹೊರುತ್ತೇನೆ. ಕಾಗೆಗಳು ದೀಪಸ್ತಂಭದ ಮೇಲೆ ಕೂತೇ ಇರುತ್ತವೆ. ಈಗ ಅಣ್ಣ ಬಾಯಿ ಬಿಡುತ್ತಾನೆ, ಕಾಗೆ ಇಳಿಯುತ್ತದೆ ಎಂದು ನಾವೆಲ್ಲ ಕಾದಿದ್ದೆವು. ಹಾಗಾಗುವುದಿಲ್ಲ. ಪುರೋಹಿತರು ಕೈಗಡಿಯಾರ ನೋಡಿ, ದರ್ಭೆಯ ಕಾಗೆ ಮಾಡಿ ಪಿಂಡಕ್ಕೆ ಮುಟ್ಟಿಸುತ್ತಾರೆ. ಅವರಿಗೆ ಇನ್ನೊಂದು ಮನೆಯವರು ಕಾದಿದ್ದಾರೆ.

ಹಿಂದಿರುಗುವ ಗಾಡಿಯಲ್ಲಿ ತಮ್ಮ ಕೇಳುತ್ತಾನೆ: 'ಅಣ್ಣ, ಅಪ್ಪ ನನ್ನ ಕೇಂಡ್ರಾ?' ಅಣ್ಣ ಘಾಟ್ಕೋಪರ್ ದಾಟುವವರೆಗೆ ಸುಮ್ಮನಿದ್ದು, 'ನೀ ಹೇಳ್ದ್ಹಾಂಗೇ' ಎನ್ನುತ್ತಾನೆ. ಕತೆ ಮುಗಿಯುತ್ತದೆ.

ಕೂಟದಲ್ಲಿ ಹೆಚ್ಚಿನವರು ಅಣ್ಣನನ್ನು ಮೆಚ್ಚಿದರು. ಅವನ ಮೌನ ತಮ್ಮನಿಗೆ ಕೊಟ್ಟ ದಾನ ಎಂದರು. ನನಗೆ ಅದು ಅರ್ಧ ಸತ್ಯವೆನಿಸಿತು. ತಮ್ಮನ ಮಾತೂ ಸುಳ್ಳಿನ ಚಟವಲ್ಲ; ಹೇಳಿದ ಪ್ರತಿಸಲವೂ ಅವನು ತಾನು ತಪ್ಪಿಸಿಕೊಂಡ ಆ ಕೋಣೆಯೊಳಗೆ ಒಂದೊಂದೇ ಹೆಜ್ಜೆ ಇಡುತ್ತಿದ್ದಾನೆ. ಏಳನೆಯ ದಿನಕ್ಕೆ ಹಾಸಿಗೆಯ ಪಕ್ಕ ತಲುಪಿದ್ದಾನೆ. ಅಮೆರಿಕದ ಕೆನೆತ್ ಡೋಕಾ ಮತ್ತು ಟೆರ್ರಿ ಮಾರ್ಟಿನ್ ಎಂಬ ವಿದ್ವಾಂಸರು ಶೋಕದ ರೀತಿಗಳನ್ನು ಕುರಿತು ಬರೆಯುತ್ತ, ಕೆಲವರು ಭಾವವನ್ನು ಹೊರಗೆ ಹೇಳಿ ದುಃಖಿಸುತ್ತಾರೆ, ಕೆಲವರು ಕೈಗೆ ಕೆಲಸ ಹಚ್ಚಿಕೊಂಡು ದುಃಖಿಸುತ್ತಾರೆ, ಬಹುಪಾಲು ಜನ ಇವೆರಡರ ನಡುವೆ ಎಲ್ಲೋ ಇರುತ್ತಾರೆ ಎನ್ನುತ್ತಾರೆ. ಎರಡರಲ್ಲಿ ಯಾವುದೂ ಮೇಲಲ್ಲ. ಸೀಲು ಒಡೆಯದ ಔಷಧ ಹಿಂದಿರುಗಿಸಿದ ಅಣ್ಣನೂ ದುಃಖಿಸಿದ್ದಾನೆ. ನೀರು ಕೇಳಿದರೆಂದ ತಮ್ಮನೂ ದುಃಖಿಸಿದ್ದಾನೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಮನೆಯಲ್ಲೂ ಇಬ್ಬರೇ ಗಂಡುಮಕ್ಕಳು, ಮತ್ತು ಅಪ್ಪ ತೀರಿಕೊಂಡಾಗ ಬಂದವರಿಗೆಲ್ಲ ಉತ್ತರ ಕೊಟ್ಟವನು ನಾನು. ಅಪ್ಪನ ಕೊನೆಯ ಗಳಿಗೆಗಳ ಬಗ್ಗೆ ನಾನು ಹೇಳುವ ಒಂದು ಕತೆಯಿದೆ; ವರ್ಷಗಳಿಂದ ಹೇಳುತ್ತ ಬಂದಿದ್ದೇನೆ, ನನ್ನ ಮಕ್ಕಳಿಗೂ ಬಾಯಿಪಾಠ. ಅದರಲ್ಲಿ ಎಷ್ಟು ಕಂಡದ್ದು, ಎಷ್ಟು ಕೂಡಿಸಿದ್ದು ಎಂದು ಬಲ್ಲವರು ಒಬ್ಬರೇ, ಬೊರಿವಲಿಯಲ್ಲಿರುವ ನನ್ನ ಅಣ್ಣ. ಅವರು ಒಮ್ಮೆಯೂ ತಿದ್ದಿಲ್ಲ. ಅವರಿಗೆ ಈಗ ಎಪ್ಪತ್ತು ದಾಟಿದೆ; ಕೇಳಬೇಕೆಂದರೆ ಹೆಚ್ಚು ಕಾಲವಿಲ್ಲ. ಕೇಳಿದರೆ, 'ನೀನು ಹೇಳಿದ ಹಾಗೇ' ಎಂದು ಅವರೂ ಹೇಳಬಹುದು. ಆಗ ಆ ಮಾತನ್ನು ಹೇಗೆ ಕೇಳಿಸಿಕೊಳ್ಳಬೇಕೆಂದು ಈ ಕತೆ ನನಗೆ ಹೇಳಿಕೊಟ್ಟಿದೆ.