ಮೂರನೇ ಗಾಡಿ ಯಾಕೆ ಜಾಸ್ತಿ ಡೀಸೆಲ್ ಕುಡಿಯಿತು?

ನಮ್ಮ ರೈತರ ಗುಂಪಿನಲ್ಲಿ ಐದು ಗೂಡ್ಸ್ ಗಾಡಿಗಳಿವೆ. ಮುಳಬಾಗಿಲು ಕಡೆಯ ಹಳ್ಳಿಗಳಿಂದ ಕೋಲಾರದ ಮಂಡಿಗೆ ಟೊಮೆಟೊ ಬಾಕ್ಸ್ ಸಾಗಿಸುವುದು ಅವುಗಳ ಮುಖ್ಯ ಕೆಲಸ. ಗಾಡಿಗಳ ಲೆಕ್ಕ ನೋಡುವುದು ನಮ್ಮಿಬ್ಬರ ಪಾಲಿಗೆ ಬಂದಿದೆ. ಪ್ರತಿ ಭಾನುವಾರ ಸಂಜೆ ಒಂದು ಹಾಳೆ ಮಾಡಿ ಗುಂಪಿನ ವಾಟ್ಸಾಪ್‌ಗೆ ಹಾಕುತ್ತೇವೆ. ಯಾವ ಗಾಡಿ ಎಷ್ಟು ಡೀಸೆಲ್ ಕುಡಿಯಿತು, ಯಾವ ಗಾಡಿಗೆ ಸರ್ವೀಸ್ ಯಾವಾಗ ಅನ್ನೋದು ಎರಡೂ ಒಂದೇ ಸಾಲಿನಲ್ಲಿ ಇರುತ್ತದೆ.

ಮೊದಲು ಇವೆರಡೂ ಬೇರೆ ಬೇರೆ ಕಡೆ ಇದ್ದವು. ಡೀಸೆಲ್ ಬಿಲ್ಲುಗಳು ಖಜಾಂಚಿಯವರ ಪುಸ್ತಕದಲ್ಲಿ, ಸರ್ವೀಸ್ ತಾರೀಕು ಗಾಡಿಯ ಮುಂದಿನ ಗಾಜಿಗೆ ಅಂಟಿಸಿದ ಚೀಟಿಯಲ್ಲಿ. ಒಂದನ್ನು ನೋಡುವವರು ಇನ್ನೊಂದನ್ನು ನೋಡುತ್ತಿರಲಿಲ್ಲ.

ಡೀಸೆಲ್ ಲೆಕ್ಕಕ್ಕೆ ನಾವು ಇಟ್ಟುಕೊಂಡ ನಿಯಮ ಒಂದೇ. ವಾರದ ಕೊನೆಯ ಸಲ ಬಂಕ್‌ಗೆ ಹೋದಾಗ ಟ್ಯಾಂಕ್ ಫುಲ್ ಮಾಡಿಸಬೇಕು, ಆಗಲೇ ಮೀಟರಿನ ಫೋಟೋ ತೆಗೆದು ಕಳಿಸಬೇಕು. ಒಂದು ಫುಲ್‌ನಿಂದ ಮುಂದಿನ ಫುಲ್‌ವರೆಗೆ ಹಾಕಿಸಿದ ಎಲ್ಲ ಲೀಟರ್ ಕೂಡಿಸಿದರೆ, ಅಷ್ಟು ಕಿಲೋಮೀಟರಿಗೆ ಖರ್ಚಾದ ಡೀಸೆಲ್ ಅದೇ. ನಡುವೆ 500 ರೂಪಾಯಿಗೆ, ಸಾವಿರಕ್ಕೆ ಹಾಕಿಸಿದರೂ ತೊಂದರೆಯಿಲ್ಲ, ಬಿಲ್ ಮಾತ್ರ ಇರಬೇಕು. ಕೊನೆಯಲ್ಲಿ ಫುಲ್ ಮಾಡಿಸದಿದ್ದರೆ ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ ಎಂದು ಗೊತ್ತಾಗುವುದಿಲ್ಲ, ಆ ವಾರದ ಲೆಕ್ಕ ಬರೀ ಅಂದಾಜು.

ಮಾತಿನಲ್ಲಿ ನಾವೂ ಎಲ್ಲರ ಹಾಗೆ 'ಮೈಲೇಜ್ 14 ಕೊಡುತ್ತೆ' ಅಂತಲೇ ಹೇಳುತ್ತೇವೆ. ಹಾಳೆಯಲ್ಲಿ ಮಾತ್ರ 100 ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಬರೆಯುತ್ತೇವೆ. ಕಾರಣ ಇಷ್ಟೇ: ಒಂದು ಗಾಡಿ ಲೀಟರಿಗೆ 10, ಇನ್ನೊಂದು 20 ಕೊಡುತ್ತದೆ ಎಂದುಕೊಳ್ಳಿ. ಎರಡೂ ನೂರು ನೂರು ಕಿಲೋಮೀಟರ್ ಓಡಿದರೆ 10 ಲೀಟರ್, 5 ಲೀಟರ್, ಒಟ್ಟು 15 ಲೀಟರಿಗೆ 200 ಕಿಲೋಮೀಟರ್. ಅಂದರೆ ಸರಾಸರಿ 13 ಚಿಲ್ಲರೆ. ಆದರೆ 10 ಮತ್ತು 20ರ ನಡುವೆ 15 ಎಂದು ಬರೆದುಬಿಡುವವರೇ ಹೆಚ್ಚು. ಲೀಟರಿನಲ್ಲಿ ಬರೆದರೆ ಈ ಗೊಂದಲವೇ ಇಲ್ಲ, ಹಾಗೇ ಕೂಡಿಸಬಹುದು.

ಸರ್ವೀಸ್ ಕಾಲಂ ಇನ್ನೂ ಸುಲಭ. ಮುಂದಿನ ಸರ್ವೀಸ್ ಎಷ್ಟು ಕಿಲೋಮೀಟರಿಗೆ ಎಂಬುದರಿಂದ ಈಗಿನ ಮೀಟರ್ ಕಳೆದು, ವಾರಕ್ಕೆ ಓಡುವ ಕಿಲೋಮೀಟರಿನಿಂದ ಭಾಗಿಸಿದರೆ ಎಷ್ಟು ವಾರ ಉಳಿದಿದೆ ಎಂದು ಸಿಗುತ್ತದೆ. B ಕಾಲಂನಲ್ಲಿ ಈಗಿನ ಮೀಟರ್, C ಕಾಲಂನಲ್ಲಿ ಸರ್ವೀಸ್ ಆಗಬೇಕಾದ ಮೀಟರ್, D ಕಾಲಂನಲ್ಲಿ ಕಳೆದ ವಾರ ಓಡಿದ್ದು. ಮೂರನೇ ಗಾಡಿಯ ಸಾಲಿಗೆ ಹೀಗೆ ಹಾಕಿದ್ದೇವೆ:

```
=(C4-B4)/D4
```

ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿ ತಿಂಗಳ ಲೆಕ್ಕವೂ ಇರುತ್ತದೆ. ಕಿಲೋಮೀಟರ್, ತಿಂಗಳು, ಯಾವುದು ಮೊದಲು ಬರುತ್ತದೋ ಅದೇ ಗಡುವು.

ಇನ್ನು ಮೂರನೇ ಗಾಡಿಯ ವಿಷಯ. ಅದು ಮೊದಲಿನಿಂದಲೂ ನೂರು ಕಿಲೋಮೀಟರಿಗೆ 7.1 ಲೀಟರ್ ಆಸುಪಾಸಿನಲ್ಲೇ ಇತ್ತು. ಒಂದು ವಾರ 7.4 ಬಂತು. ನಾವು ಏನೂ ಹೇಳಲಿಲ್ಲ. ಬಂಕಿನ ಪೈಪ್ ಒಮ್ಮೆ ಬೇಗ ಕಟ್ ಆಗುತ್ತದೆ, ಒಮ್ಮೆ ತಡವಾಗಿ, ಅದರಲ್ಲೇ ಒಂದೆರಡು ಲೀಟರ್ ಹೆಚ್ಚುಕಮ್ಮಿ ಆಗುತ್ತದೆ. ವಾರಕ್ಕೆ 45 ಲೀಟರ್ ಕುಡಿಯುವ ಗಾಡಿಯಲ್ಲಿ ಅಷ್ಟು ವ್ಯತ್ಯಾಸ ಸಹಜ. (ವಾರಕ್ಕೆ ಬರೀ 200 ಕಿಲೋಮೀಟರ್ ಓಡುವ ಗಾಡಿಯಾದರೆ ಇದೇ ಒಂದೆರಡು ಲೀಟರ್ ಲೆಕ್ಕವನ್ನೇ ಕೆಡಿಸುತ್ತದೆ. ಅಂಥದ್ದಕ್ಕೆ ಎರಡು ವಾರ ಸೇರಿಸಿ ನೋಡುತ್ತೇವೆ.) ಮುಂದಿನ ವಾರ 655 ಕಿಲೋಮೀಟರಿಗೆ 54 ಲೀಟರ್. ಅಂದರೆ ನೂರಕ್ಕೆ 8.2. ಇದು ಪೈಪಿನ ಆಟ ಅಲ್ಲ. ಏಳು ಲೀಟರಿಗೂ ಮಿಕ್ಕಿ ಹೆಚ್ಚಾಗಿತ್ತು, ಲೀಟರಿಗೆ 90 ರೂಪಾಯಿ ಹಿಡಿದರೂ ವಾರಕ್ಕೆ 600 ರೂಪಾಯಿ ಮೇಲೆ ಹೋಯಿತು.

ಹಾಳೆ ಗುಂಪಿಗೆ ಬಿದ್ದ ಅರ್ಧ ಗಂಟೆಗೆ ಒಬ್ಬ ಹಿರಿಯರು ಬರೆದರು: 'ಡೀಸೆಲ್ ಗಾಡಿ ಕುಡೀತಾ ಇದ್ಯೋ, ಡ್ರೈವರ್ ಕ್ಯಾನು ಕುಡೀತಾ ಇದ್ಯೋ ನೋಡ್ರಪ್ಪ.' ಆ ಗುಂಪಿನಲ್ಲಿ ಡ್ರೈವರಣ್ಣನೂ ಇದ್ದರು. ಅವರು ಉತ್ತರ ಕೊಡಲಿಲ್ಲ. ಮಾರನೇ ದಿನ ಬೆಳಿಗ್ಗೆ ಕೀಲಿ ತಂದು ನಮ್ಮ ಕೈಗೆ ಕೊಟ್ಟು, 'ನೀವೇ ಓಡ್ಸಿ ನೋಡ್ಬುಡಿ' ಅಂದರು.

ಕಳ್ಳತನ ಇಲ್ಲವೇ ಇಲ್ಲ ಎಂದು ಹಾಳೆ ನೋಡಿ ಹೇಳಲಾಗದು. ಆದರೆ ಅದರ ಗುರುತು ಸಾಮಾನ್ಯವಾಗಿ ಬೇರೆ. ಡೀಸೆಲ್ ತೆಗೆದರೆ ಒಂದು ವಾರ ದಿಢೀರನೆ ಏರಿ, ಮುಂದಿನ ವಾರ ಮತ್ತೆ ಮಾಮೂಲಿಗೆ ಬರುವುದೇ ಹೆಚ್ಚು. ಇಲ್ಲಿ 7.1, 7.4, 8.2 ಎಂದು ಮೆಟ್ಟಿಲು ಹತ್ತಿದಂತೆ ಏರಿತ್ತು. ಹೀಗೆ ಏರಿದಾಗ ಮೊದಲು ಗಾಡಿಯನ್ನೇ ನೋಡಬೇಕು.

ಪಕ್ಕದ ಸರ್ವೀಸ್ ಕಾಲಂ ನೋಡಿದರೆ ಮೀಟರ್ 66,900, ಸರ್ವೀಸ್ 70,000ಕ್ಕೆ. ಇನ್ನೂ ಸುಮಾರು ಐದು ವಾರ. ಸರ್ವೀಸ್ ಹತ್ತಿರ ಇದ್ದಿದ್ದರೆ 'ಏರ್ ಫಿಲ್ಟರ್ ಕಟ್ಟಿರಬಹುದು, ಹೇಗೂ ಬದಲಾಯಿಸುತ್ತಾರೆ' ಎಂದು ಸುಮ್ಮನಾಗಬಹುದಿತ್ತು. ಐದು ವಾರ ಕಾಯುವುದು ಸರಿ ಕಾಣಲಿಲ್ಲ.

ಮೊದಲು ರೂಟ್, ಲೋಡ್ ಕೇಳಿದೆವು. ಅದೇ ಊರುಗಳು, ಅಷ್ಟೇ ಬಾಕ್ಸ್. ನಾಲ್ಕೂ ಟೈರಿನ ಗಾಳಿ ಚೆಕ್ ಮಾಡಿಸಿದೆವು, ಸರಿಯಿತ್ತು. ಏರ್ ಫಿಲ್ಟರ್ ಬಿಚ್ಚಿ ನೋಡಿದೆವು, ಧೂಳಿತ್ತು, ಆದರೆ ಕಟ್ಟಿಕೊಳ್ಳುವಷ್ಟಲ್ಲ. ಆಮೇಲೆ ಡ್ರೈವರಣ್ಣನನ್ನೇ ಕೇಳಿದಾಗ, 'ಏನಿಲ್ಲಣ್ಣ, ನ್ಯೂಟ್ರಲ್ ಮಾಡಿದ್ರೆ ಮುಂಚಿನಂಗೆ ಉರುಳ್ತಿಲ್ಲ' ಅಂದರು. ಈ ಮಾತು ಯಾವ ಹಾಳೆಯಲ್ಲೂ ಸಿಗುವುದಿಲ್ಲ.

ಹತ್ತು ಕಿಲೋಮೀಟರ್ ಓಡಿಸಿ, ಬ್ರೇಕ್ ಹೆಚ್ಚು ಒತ್ತದೆ ನಿಧಾನವಾಗಿ ನಿಲ್ಲಿಸಿ, ಒಂದೊಂದೇ ಚಕ್ರದ ಹತ್ತಿರ ಅಂಗೈ ಹಿಂಭಾಗ ಹಿಡಿದು ನೋಡಿದೆವು. ಮುಟ್ಟಬಾರದು, ಸುಟ್ಟುಕೊಳ್ಳುತ್ತೀರಿ. ಮೂರು ಚಕ್ರ ಬೆಚ್ಚಗಿದ್ದವು. ಹಿಂದಿನ ಎಡ ಚಕ್ರದಿಂದ ಮಾತ್ರ ಒಲೆಯ ಮುಂದೆ ಕೂತಂತೆ ಬಿಸಿ, ಜೊತೆಗೆ ಸುಟ್ಟ ವಾಸನೆ. ಮೆಕ್ಯಾನಿಕ್ ಜಾಕ್ ಹಾಕಿ ಎತ್ತಿ ತಿರುಗಿಸಿದರೆ ಚಕ್ರ ಅರ್ಧ ಸುತ್ತಿಗೇ ನಿಂತಿತು. ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಪೂರ್ತಿ ಹಿಂದಕ್ಕೆ ಹೋಗುತ್ತಿರಲಿಲ್ಲ. ಬಿಟ್ಟ ಮೇಲೂ ಬ್ರೇಕ್ ಶೂ ಡ್ರಮ್ಮಿಗೆ ಉಜ್ಜುತ್ತಲೇ ಇತ್ತು. ದಿನದಿನಕ್ಕೆ ಬಿಗಿ ಹೆಚ್ಚಾದಂತೆ ಡೀಸೆಲ್ಲೂ ಹೆಚ್ಚಾಗಿತ್ತು.

ಕೇಬಲ್ ಮತ್ತು ಆ ಕಡೆಯ ಶೂಗಳನ್ನು ಬದಲಾಯಿಸಿದರು. ಬ್ರೇಕ್ ಎರಡೂ ಕಡೆ ಒಂದೇ ಸಮ ಹಿಡಿಯಬೇಕು ಎಂದು ಬಲಗಡೆಯ ಶೂಗಳನ್ನೂ ಹೊಸದು ಹಾಕಿಸಿದೆವು. ಐದು ವಾರ ಹಾಗೇ ಓಡಿಸಿದ್ದರೆ ಡೀಸೆಲ್ ದುಡ್ಡಿಗಿಂತ ದೊಡ್ಡ ತೊಂದರೆ ಆಗುತ್ತಿತ್ತು. ಅತಿಯಾಗಿ ಕಾದ ಬ್ರೇಕ್ ಲೋಡ್ ಇರುವಾಗ ಸರಿಯಾಗಿ ಹಿಡಿಯುವುದಿಲ್ಲ. ಮುಂದಿನ ವಾರದ ಹಾಳೆಯಲ್ಲಿ ಮೂರನೇ ಗಾಡಿಯ ಎದುರು 7.2 ಎಂದು ಬರೆದೆವು, ಕೆಳಗೆ ಚಕ್ರದ ಫೋಟೋ ಹಾಕಿದೆವು. ಹಿರಿಯರು ಒಂದು ನಮಸ್ಕಾರದ ಚಿತ್ರ ಕಳಿಸಿದರು. ಡ್ರೈವರಣ್ಣ ಅದಕ್ಕೂ ಉತ್ತರ ಕೊಡಲಿಲ್ಲ.

ಈಗ ನಮ್ಮ ಕಣ್ಣಿರುವುದು ಐದನೇ ಗಾಡಿ ಮೇಲೆ. ಅದರ ಡೀಸೆಲ್ ಸರಿಯಿದೆ. ಸರ್ವೀಸಿಗೆ 1,800 ಕಿಲೋಮೀಟರ್ ಬಾಕಿ. ವಾರಕ್ಕೆ 450 ಓಡುತ್ತಿದ್ದಾಗ ನಾಲ್ಕು ವಾರ ಎಂದು ತೋರಿಸುತ್ತಿತ್ತು. ಟೊಮೆಟೊ ಕೊಯ್ಲು ಜೋರಾಗಿ ದಿನಕ್ಕೆ ಎರಡು ಟ್ರಿಪ್ ಶುರುವಾದ ಮೇಲೆ ವಾರಕ್ಕೆ 900 ಆಗಿದೆ, ಗಡುವು ಎರಡೇ ವಾರಕ್ಕೆ ಇಳಿದಿದೆ. ಗಾಜಿನ ಮೇಲಿನ ಚೀಟಿಯಲ್ಲಿ ಮಾತ್ರ ಇನ್ನೂ ಹಳೇ ತಾರೀಕೇ ಇದೆ. ಕೊಯ್ಲಿನ ನಡುವೆ ಗಾಡಿಯನ್ನು ಒಂದು ದಿನ ನಿಲ್ಲಿಸಲು ಯಾರಿಗೂ ಮನಸ್ಸಿಲ್ಲ. ಯಾವ ದಿನ ನಿಲ್ಲಿಸುವುದು, ಆ ದಿನದ ಬಾಕ್ಸ್ ಯಾವ ಗಾಡಿಗೆ ಹಾಕುವುದು ಎಂದು ಈ ಭಾನುವಾರ ಹಾಳೆಯ ಜೊತೆಗೇ ಕೇಳಲಿದ್ದೇವೆ.