ಬೆಕ್ಕಿನ ಮರಿಯೂ ಮಲ್ಲಿಗೆ ದಾರವೂ

ಮರಿ ಮನೆಗೆ ಬರೋ ಮುಂಚೆ ನಾನೂ ನನ್ನ ಗಂಡನೂ ಕಣ್ಣಿಗೆ ಬಿದ್ದ ಅಪಾಯಗಳನ್ನೆಲ್ಲ ಮುಗಿಸಿದ್ದೆವು. ಕಿಟಕಿ ಗ್ರಿಲ್‌ಗೆ ಗಟ್ಟಿ ಕಬ್ಬಿಣದ ಜಾಲರಿ ಹಾಕಿಸಿದೆವು, ಏಕೆಂದರೆ ಮರಿಯ ತಲೆ ತೂರುವ ಸಂದಿಯಲ್ಲಿ ಮೈಯೂ ತೂರುತ್ತೆ, ಸೊಳ್ಳೆ ಪರದೆಯನ್ನು ಅದು ಉಗುರಿಂದಲೇ ಹರಿದುಬಿಡುತ್ತೆ. ಟಿವಿ ವೈರುಗಳನ್ನು ಪಿವಿಸಿ ಪೈಪಿನೊಳಗೆ ತೂರಿಸಿದೆವು. ಫೋನ್ ಚಾರ್ಜ್ ಆದ ಕೂಡಲೇ ಸ್ವಿಚ್ ಆಫ್ ಮಾಡಿ ಚಾರ್ಜರ್ ಡ್ರಾಯರ್‌ಗೆ. ಒಲೆ ಆರಿಸಿದ ಮೇಲೂ ಬರ್ನರ್ ಬಿಸಿ ಇರೋದ್ರಿಂದ ಅಡುಗೆಮನೆ ಬಾಗಿಲು ಮುಚ್ಚೇ ಇರುತ್ತೆ.

ಆದರೆ ದಾರದ ಬಗ್ಗೆ ನಾನು ತಿಳಿದಿದ್ದು ಮೈಸೂರಿನಲ್ಲಿರೋ ಅಕ್ಕನ ಮರಿಯಿಂದ. ನಾಲ್ಕು ತಿಂಗಳಿನ ಅದು ಒಂದು ಬೆಳಿಗ್ಗೆ ಮೂರು ಸಲ ವಾಂತಿ ಮಾಡಿತು. ಊಟ ಮೂಸಲಿಲ್ಲ, ಮಂಚದ ಕೆಳಗೆ ಸೇರಿಕೊಂಡಿತು. ಡಾಕ್ಟರ್ ಬಾಯಿ ತೆರೆದು, ಗದ್ದದ ಕೆಳಗಿಂದ ಬೆರಳು ಒತ್ತಿ ನಾಲಿಗೆ ಎತ್ತಿದರು. ನಾಲಿಗೆಯ ಬುಡಕ್ಕೆ ಮಲ್ಲಿಗೆ ಕಟ್ಟಿದ ದಾರ ಸುತ್ತಿಕೊಂಡಿತ್ತು. ಉಳಿದದ್ದು ಹೊಟ್ಟೆಯೊಳಗೆ.

ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುತ್ತವೆ. ಹಾಗಾಗಿ ಬಾಯಿಗೆ ಹೋದ ದಾರವನ್ನು ಉಗುಳೋದು ಕಷ್ಟ, ನುಂಗೋದೇ ಸುಲಭ. ಒಂದು ತುದಿ ನಾಲಿಗೆಯಲ್ಲಿ ಸಿಕ್ಕಿಕೊಂಡರೆ, ಕರುಳು ಇನ್ನೊಂದು ತುದಿಯನ್ನು ಮುಂದೆ ತಳ್ಳುತ್ತಲೇ ಇರುತ್ತೆ. ದಾರ ಕದಲಲ್ಲ, ಕರುಳೇ ಅದರ ಮೇಲೆ ಲಂಗದ ಲಾಡಿ ಎಳೆದಂತೆ ನೆರಿಗೆಗಟ್ಟುತ್ತೆ. ಬಿಗಿಯಾದ ದಾರ ಕರುಳನ್ನೇ ಕೊಯ್ಯಬಹುದು. ಎಕ್ಸ್‌ರೇಯಲ್ಲಿ ದಾರ ಸಾಮಾನ್ಯವಾಗಿ ಕಾಣಲ್ಲ, ಕಾಣೋದು ಮುದುಡಿದ ಕರುಳು. ಅಕ್ಕನ ಮರಿಗೆ ಸ್ಕ್ಯಾನ್ ಮಾಡಿ ಅದೇ ಸಂಜೆ ಆಪರೇಷನ್ ಮಾಡಿದರು. ಬದುಕಿತು.

ಡಾಕ್ಟರ್ ಹೇಳಿದ ಒಂದು ಮಾತು ನಮ್ಮ ಫ್ರಿಜ್ ಮೇಲೆ ಅಂಟಿಸಿದ್ದೇವೆ: ದಾರದ ತುದಿ ಬಾಯಲ್ಲಿ ಕಾಣಲಿ, ಹಿಂದೆ ಗುದದಲ್ಲಿ ಕಾಣಲಿ, ಎಳೆಯಬಾರದು. ವಾಂತಿ ಮಾಡಿಸೋದೂ ಬೇಡ. ತಕ್ಷಣ ಡಾಕ್ಟರ್ ಹತ್ತಿರ ಹೋಗಬೇಕು. ಹಿಂದಿನ ದಿನ ಮನೆಯಲ್ಲಿ ಏನು ಕಾಣೆಯಾಯಿತು ಅಂತ ಹೇಳಿದರೆ ಅವರಿಗೆ ಅರ್ಧ ಕೆಲಸ ಹಗುರ.

ಈಗ ನಮ್ಮನೆಯಲ್ಲಿ ಮುಡಿದ ಹೂವು ತೆಗೆದ ಕೂಡಲೇ ಮುಚ್ಚಳ ಇರೋ ಡಬ್ಬಿಗೆ. ದೇವರ ಫೋಟೋದ ಬಾಡಿದ ಹಾರವೂ ಅಲ್ಲಿಗೇ, ಬಾಳೆನಾರಿನದಾದರೂ ಅಷ್ಟೇ. ಹೊಲಿಗೆ ಡಬ್ಬಿ, ಹೇರ್‌ಬ್ಯಾಂಡ್, ಸೊಪ್ಪಿನ ಕಟ್ಟಿನ ರಬ್ಬರ್ ಬ್ಯಾಂಡ್ ಎಲ್ಲ ಡ್ರಾಯರ್‌ನಲ್ಲಿ. ದಾರ ಕಟ್ಟಿದ ಆಟಿಕೆ ನಮ್ಮ ಕೈಯಲ್ಲಿದ್ದಾಗ ಮಾತ್ರ ಆಟಿಕೆ, ಆಟ ಮುಗಿದರೆ ಬೀರುವಿಗೆ. ಎತ್ತರದ ಶೆಲ್ಫ್ ಲೆಕ್ಕಕ್ಕಿಲ್ಲ, ಮರಿ ಬೆಳೆದ ಹಾಗೆ ಅಲ್ಲಿಗೂ ಹಾರುತ್ತೆ.

ಮರಿ ಒಂದೇ ಸಲ ವಾಂತಿ ಮಾಡಿ ಮತ್ತೆ ಕುಣಿದಾಡಿದರೆ ಗಾಬರಿ ಬೇಡ. ಆದರೆ ಮತ್ತೆ ಮತ್ತೆ ವಾಂತಿಯಾಗಿ, ಊಟ ಬಿಟ್ಟು ಮೂಲೆ ಸೇರಿದರೆ, ಬೆಳಗಾಗಲಿ ನೋಡೋಣ ಅಂತ ಕಾಯಬೇಡಿ.